ಸ್ಪಷ್ಟನೆ: ಎ2 ಪ್ರಮಾಣ 3.5ಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ತೀರ್ಮಾನ ಬೇಡ

"ಎಚ್‌ಪಿಎಲ್‌ಸಿ ರಿಪೋರ್ಟಿನಲ್ಲಿ ಎ2 3.5ಕ್ಕಿಂತ ಕಡಿಮೆ ಇದ್ದರೆ ಥಲಸ್ಸೀಮಿಯಾ ಇಲ್ಲವೇ ಇಲ್ಲ, ಗಂಡನ ಪರೀಕ್ಷೆಯೂ ಬೇಡ."

ಕಲಬುರಗಿ, ಯಾದಗಿರಿಯ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತು ಅರ್ಧ ಸತ್ಯ. ಥಲಸ್ಸೀಮಿಯಾ ಅಂದರೆ ಹೆತ್ತವರಿಂದ ಬರುವ ರಕ್ತದ ಕಾಯಿಲೆ. ಎಚ್‌ಪಿಎಲ್‌ಸಿ ಅಂದರೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ರಕ್ತ ಪರೀಕ್ಷೆ; ಎ ಮತ್ತು ಎ2 ಅಂಥ ಎರಡು ಬಗೆಗಳು.

ಎಚ್‌ಪಿಎಲ್‌ಸಿಯಲ್ಲಿ ರಕ್ತದ ಹಿಮೋಗ್ಲೋಬಿನ್ ಋಣ ವಿದ್ಯುದಂಶವಿರುವ ಕಾಲಂಗೆ ಅಂಟಿಕೊಳ್ಳುತ್ತದೆ. ಬಫರ್‌ನ ಲವಣ ಏರಿದಂತೆ ಸಡಿಲ ಹಿಡಿತದ ಎ ಮೊದಲು ಹೊರಬರುತ್ತದೆ, ಬಿಗಿ ಹಿಡಿತದ ಎ2 ಆಮೇಲೆ. ಗ್ರಾಫಿನಲ್ಲಿ ಮೂಡುವ ಪ್ರತಿ ಶಿಖರದ ವಿಸ್ತೀರ್ಣದಿಂದ ಶೇಕಡಾವಾರು ಸಿಗುತ್ತದೆ. ಎಲೆಕ್ಟ್ರೋಫೋರೆಸಿಸ್ ಎಂಬ ಇನ್ನೊಂದು ವಿಧಾನದಲ್ಲಿ ಇವು ಪಟ್ಟಿಗಳಾಗಿ ಕಾಣುತ್ತವೆ. ತೆಳುವಾದ ಎ2 ಪಟ್ಟಿಯನ್ನು ಅಷ್ಟು ನಿಖರವಾಗಿ ಅಳೆಯಲಾಗದು.

ಬೀಟಾ ಥಲಸ್ಸೀಮಿಯಾ ವಾಹಕರಲ್ಲಿ, ಅಂದರೆ ದೋಷವಿರುವ ಒಂದು ಜೀನ್ ಮಾತ್ರ ಹೊತ್ತವರಲ್ಲಿ, ಎ2 ಸಾಮಾನ್ಯವಾಗಿ ಶೇ 4 ದಾಟುತ್ತದೆ. ತೊಡಕು ಕಬ್ಬಿಣದ ಕೊರತೆಯದು: ಅದು ಎ2 ತಯಾರಿಕೆಯನ್ನೇ ತಗ್ಗಿಸುವುದರಿಂದ ವಾಹಕರ ಅಂಕಿಯೂ 3.5ಕ್ಕಿಂತ ಕೆಳಗೆ ಬರಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಅಂಕಿ ನಂಬಲರ್ಹವಲ್ಲ.

ಒಬ್ಬ ಗರ್ಭಿಣಿಯ ರಿಪೋರ್ಟ್ ಹೀಗಿದೆ ಎಂದುಕೊಳ್ಳಿ: ಹಿಮೋಗ್ಲೋಬಿನ್ 9.4, ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 64, ಕೆಂಪು ಕಣ 56 ಲಕ್ಷ, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ 7, ಎ2 3.4. ಕಬ್ಬಿಣದ ಕೊರತೆಯೊಂದೇ ಕಾರಣವಾಗಿದ್ದರೆ ಕಣಗಳ ಸಂಖ್ಯೆಯೂ ಸಾಮಾನ್ಯವಾಗಿ ಕುಸಿಯಬೇಕಿತ್ತು. ಕಣ ಚಿಕ್ಕದು, ಎಣಿಕೆ ಮಾತ್ರ ಹೆಚ್ಚು: ವಾಹಕತ್ವದ ಅನುಮಾನ ಬರುವುದೇ ಇಲ್ಲಿ. ಗರ್ಭಿಣಿಯಲ್ಲದಿದ್ದರೆ ಮೂರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟು ಮತ್ತೆ ಎಚ್‌ಪಿಎಲ್‌ಸಿ ಮಾಡಿಸಬಹುದು. ಗರ್ಭಿಣಿಗೆ ಅಷ್ಟು ಕಾಯುವ ಸಮಯವಿಲ್ಲ. ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ತೀವ್ರ ಕಾಯಿಲೆ ಬರಬಹುದು; ಹಾಗಾಗಿ ಮಾತ್ರೆ ಶುರುಮಾಡಿ, ಗಂಡನ ರಕ್ತವನ್ನು ಅದೇ ವಾರ ಪರೀಕ್ಷಿಸಬೇಕು. ಅವರೂ ವಾಹಕರಾಗಿದ್ದರೆ ಇಬ್ಬರಿಗೂ ಜೀನ್ ಪರೀಕ್ಷೆ.

ಆ ಸಂದೇಶವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.