ಎರಡು ಡ್ಯೂಟಿಗಳ ನಡುವೆ 11 ತಾಸು: ಮುರಿಯಲಾಗದ ನಿಯಮವಾಗಬೇಕೇ?

ವಿಜಯಪುರದ ಖಾಸಗಿ ಆಸ್ಪತ್ರೆಯೊಂದರ 20 ಹಾಸಿಗೆಯ ವಾರ್ಡು, ಆರು ಮಂದಿ ನರ್ಸುಗಳು. ಮುಂಜಾನೆ ಡ್ಯೂಟಿ 7ರಿಂದ 2, ಮಧ್ಯಾಹ್ನದ್ದು 2ರಿಂದ ರಾತ್ರಿ 9, ನೈಟ್ 9ರಿಂದ ಮುಂಜಾನೆ 7. ಹಗಲಿನ ಎರಡೂ ಪಾಳಿಗೆ ಇಬ್ಬಿಬ್ಬರು, ರಾತ್ರಿಗೆ ಒಬ್ಬರು, ಇನ್ನೊಬ್ಬರಿಗೆ ಆಫ್. ಚಾರ್ಟು 12 ದಿನಕ್ಕೊಮ್ಮೆ ಸುತ್ತುತ್ತದೆ: ಎರಡು ನೈಟ್, ಒಂದು ಆಫ್, ನಾಲ್ಕು ಮಧ್ಯಾಹ್ನ, ನಾಲ್ಕು ಮುಂಜಾನೆ, ಮತ್ತೊಂದು ಆಫ್. ಒಬ್ಬರ ಸುತ್ತು ಶುರುವಾದ ಎರಡು ದಿನಕ್ಕೆ ಮತ್ತೊಬ್ಬರ ಸುತ್ತು ಶುರು. ಹಾಗಾಗಿ ಯಾವ ದಿನ ನೋಡಿದರೂ ತಲೆಲೆಕ್ಕ ಸರಿಯಾಗಿರುತ್ತದೆ.

ಇದರಲ್ಲಿ ಇಕ್ಕಟ್ಟಿನ ಜಾಗ ಒಂದೇ. ನಾಲ್ಕನೆಯ ಮಧ್ಯಾಹ್ನ ರಾತ್ರಿ 9ಕ್ಕೆ ಮುಗಿಸಿದವರು ಮರುದಿನ ಮುಂಜಾನೆ 7ಕ್ಕೆ ಮತ್ತೆ ಬರಬೇಕು, ನಡುವೆ ಸಿಗುವುದು 10 ತಾಸು. ಯಾವುದೇ ಎರಡು ಡ್ಯೂಟಿಗಳ ನಡುವೆ 11 ತಾಸು ಇರಲೇಬೇಕು, ಇಲ್ಲದ ಚಾರ್ಟಿಗೆ ಸಹಿ ಬೀಳಬಾರದು ಎಂಬ ಪ್ರಸ್ತಾವ ಈಗ ಮುಂದಿದೆ. ಎಲ್ಲ ವಾರ್ಡುಗಳ ಚಾರ್ಟು ಪರಿಶೀಲಿಸುವವರು ಪರವಾಗಿ ಬರೆದಿದ್ದಾರೆ. ಈ ವಾರ್ಡಿನ ಚಾರ್ಟು ಹಾಕುವ ಇನ್‌ಚಾರ್ಜ್ ಸಿಸ್ಟರ್ ವಿರೋಧಿಸಿದ್ದಾರೆ.

ಪರ

ಹತ್ತು ತಾಸು ಎನ್ನುವುದು ಕಾಗದದ ಮೇಲಿನ ಮಾತು. 9ಕ್ಕೆ ಡ್ಯೂಟಿ ಮುಗಿಯಿತು ಎಂದರೆ 9ಕ್ಕೆ ಓವರ್ ಕೊಡಲು, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸಲು, ಶುರುಮಾಡಿದರು ಎಂದರ್ಥ. 20 ರೋಗಿಗಳ ಓವರ್ ಕೊಟ್ಟು, ಉಳಿದ ದಾಖಲೆ ಬರೆದು ಹೊರಬೀಳುವಾಗ 9.30 ಆಗಿರುತ್ತದೆ. ಮನೆ ಮುಟ್ಟಿ, ಕೈಕಾಲು ತೊಳೆದು, ಉಂಡು, ಮನೆಮಂದಿಯೊಡನೆ ಎರಡು ಮಾತಾಡಿ ಮಲಗುವಾಗ 11.30. 7ಕ್ಕೆ ಓವರ್ ತೆಗೆದುಕೊಳ್ಳಬೇಕಾದರೆ 5ಕ್ಕೆ ಏಳಬೇಕು, ಮನೆಯಲ್ಲಿ ಅಡುಗೆಯೂ ಅವರದೇ ಆದರೆ ಇನ್ನೂ ಮೊದಲೇ. ಹತ್ತರಲ್ಲಿ ನಿದ್ದೆಗೆ ಉಳಿದದ್ದು ಐದೂವರೆ ತಾಸು, ಅದೂ ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಹತ್ತಿದರೆ.

ಹಾಗೆ ಬಂದವರ ಕೈಗೆ ನಾವು ಕೊಡುವುದು ದಿನದ ಅತ್ಯಂತ ಸೂಕ್ಷ್ಮ ವೇಳೆಯನ್ನು. ಮುಂಜಾನೆ 7ರಿಂದ 9ರೊಳಗೆ ಉಪಾಹಾರಕ್ಕೆ ಮುಂಚಿನ ಇನ್ಸುಲಿನ್, ಆಂಟಿಬಯೋಟಿಕ್ ಡೋಸು, ಆಪರೇಷನ್‌ಗೆ ಹೋಗುವವರ ತಯಾರಿ, ಡಾಕ್ಟರ ರೌಂಡು, ಎಲ್ಲವೂ ಒಟ್ಟಿಗೆ ಬರುತ್ತವೆ. ಇನ್ಸುಲಿನ್ ಒಂದನ್ನೇ ನೋಡಿ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ಟಿನ ವಯಲ್ಲೂ ಇದೆ, 100 ಯೂನಿಟ್ಟಿನದೂ ಇದೆ. ಎರಡಕ್ಕೂ ಸಿರಿಂಜ್ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 10 ಯೂನಿಟ್ಟಲ್ಲ, 25. ಅಷ್ಟಕ್ಕೆ ವಯಸ್ಸಾದವರು ಬೆವರಿ ಪ್ರಜ್ಞೆ ತಪ್ಪಬಹುದು. ಇದನ್ನು ತಡೆಯುವುದು ಲೇಬಲ್ಲನ್ನು ಮತ್ತೊಮ್ಮೆ ಓದುವ ಕಣ್ಣು. ನಿದ್ದೆಗೆಟ್ಟವರು ಮೊದಲು ಬಿಡುವುದೇ ಆ ಎರಡನೆಯ ಓದನ್ನು. ಕೆಲಸ ಬಾರದವರಿಂದಲ್ಲ, ಸಾವಿರ ಸಲ ಸರಿಯಾಗಿ ಮಾಡಿದವರಿಂದಲೇ ಇಂಥ ತಪ್ಪು ಆಗುತ್ತದೆ.

ಹನ್ನೊಂದು ತಾಸು ನಾನು ಕಟ್ಟಿದ ಸಂಖ್ಯೆಯಲ್ಲ. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ವೇಳೆಯ ನಿರ್ದೇಶನವು ಪ್ರತಿ 24 ತಾಸಿನಲ್ಲಿ ಬಿಡದೆ 11 ತಾಸು ವಿಶ್ರಾಂತಿ ಇರಬೇಕೆನ್ನುತ್ತದೆ. ನರ್ಸುಗಳ ನಿದ್ದೆಯನ್ನು ಅಧ್ಯಯನ ಮಾಡುವವರು ಕಡಿಮೆ ಅಂತರದ ಪಾಳಿ ಎಂದು ಕರೆಯುವುದೂ 11 ತಾಸಿಗಿಂತ ಕೆಳಗಿನದನ್ನೇ.

ಇದಕ್ಕೆ ಹೆಚ್ಚು ಜನ ಬೇಕು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಈ ವಾರ್ಡಿಗೆ ಒಬ್ಬರೂ ಹೆಚ್ಚಿಗೆ ಬೇಡ. ಕೊನೆಯ ಆಫನ್ನು ನಾಲ್ಕು ದಿನ ಹಿಂದಕ್ಕೆ ತಂದು ಮಧ್ಯಾಹ್ನ ಮತ್ತು ಮುಂಜಾನೆಗಳ ನಡುವೆ ಇಡಿ: ಎರಡು ನೈಟ್, ಆಫ್, ನಾಲ್ಕು ಮಧ್ಯಾಹ್ನ, ಆಫ್, ನಾಲ್ಕು ಮುಂಜಾನೆ. ಪ್ರತಿದಿನ ಮುಂಜಾನೆಗೆ ಇಬ್ಬರು, ಮಧ್ಯಾಹ್ನಕ್ಕೆ ಇಬ್ಬರು, ರಾತ್ರಿಗೆ ಒಬ್ಬರು ಇದ್ದೇ ಇರುತ್ತಾರೆ. 10 ತಾಸಿನ ಅಂತರ ಮಾತ್ರ 34 ತಾಸಾಗುತ್ತದೆ. ಆಫಿನ ಜಾಗ ಬದಲಿಸಿದರೆ ಹೋಗುವ ಅಪಾಯವನ್ನು ಏಕೆ ಇಟ್ಟುಕೊಳ್ಳಬೇಕು?

ನಿಯಮ ಕಟ್ಟುನಿಟ್ಟಾಗಿರಬೇಕು ಎನ್ನಲು ನನಗೆ ಇನ್ನೊಂದು ಕಾರಣವಿದೆ. ಚಾರ್ಟಿನಲ್ಲಿ ಈ ದೋಷ ಸುಲಭಕ್ಕೆ ಕಾಣುವುದಿಲ್ಲ, ಏಕೆಂದರೆ ಅಲ್ಲಿರುವುದು ಅಕ್ಷರಗಳು, ಗಂಟೆಗಳಲ್ಲ. ಹೆಚ್ಚಾಗಿ ಅದು ಅಡಗುವುದು ಎರಡು ಹಾಳೆಗಳ ಸಂದಿನಲ್ಲಿ. ಹಳೆಯ ಚಾರ್ಟಿನ ಕೊನೆಯ ದಿನ ಮಧ್ಯಾಹ್ನ, ಹೊಸ ಚಾರ್ಟಿನ ಮೊದಲ ದಿನ ಮುಂಜಾನೆ; ಎರಡು ಹಾಳೆಯೂ ತಮ್ಮಷ್ಟಕ್ಕೆ ಸರಿಯಾಗಿಯೇ ಕಾಣುತ್ತವೆ. ಹಾಗಾಗಿ ಎಕ್ಸೆಲ್‌ನಲ್ಲಿ ಮೊದಲ ಕಂಬಕ್ಕೆ ಹೆಸರು, ಎರಡನೆಯದಕ್ಕೆ ಹಿಂದಿನ ಚಾರ್ಟಿನ ಕೊನೆಯ ದಿನ, ಅಲ್ಲಿಂದ ಮುಂದಕ್ಕೆ 12 ದಿನ ಹಾಕಿಸುತ್ತೇನೆ. ಸಾಲಿನ ತುದಿಯಲ್ಲಿ ಇದು:

```
=COUNTIFS(B2:M2,"A",C2:N2,"M")
```

ಮಧ್ಯಾಹ್ನದ `A` ಆದ ಮರುದಿನವೇ ಮುಂಜಾನೆಯ `M` ಎಷ್ಟು ಸಲ ಬಂದಿದೆ ಎಂದು ಇದು ಎಣಿಸುತ್ತದೆ. ಸೊನ್ನೆ ಬಂದರೆ ಸಹಿ. ಗೋಡೆಗೆ ಅಂಟಿಸಿದ ಪ್ರತಿಯ ಮೇಲೆ ಪೆನ್ನಿನಲ್ಲಿ ಮಾಡಿಕೊಳ್ಳುವ ಅದಲುಬದಲು ಈ ಲೆಕ್ಕಕ್ಕೆ ಬರುವುದಿಲ್ಲ, ಅದನ್ನೂ ಹಾಳೆಗೆ ಏರಿಸಲೇಬೇಕು.

ಸಿಬ್ಬಂದಿಯೇ ಒಪ್ಪಿದ್ದಾರಲ್ಲ ಎನ್ನುವವರಿಗೆ ನನ್ನ ಉತ್ತರ ಒಂದೇ. ಆ ಮುಂಜಾನೆ ಇನ್ಸುಲಿನ್ ತೆಗೆದುಕೊಳ್ಳುವ ರೋಗಿಯನ್ನು ಯಾರೂ ಕೇಳಿಲ್ಲ.

ವಿರೋಧ

ಇನ್ಸುಲಿನ್ನಿನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆ ಮುಂಜಾನೆಗಳಲ್ಲಿ ನಾನೇ ಇಂಜೆಕ್ಷನ್ ಟ್ರಾಲಿಯ ಪಕ್ಕ ನಿಲ್ಲುತ್ತೇನೆ. ಆದರೆ ಆಫನ್ನು ನಾಲ್ಕು ದಿನ ಹಿಂದಕ್ಕೆ ತಂದರೆ ಏನೂ ಖರ್ಚಿಲ್ಲ ಎಂಬಂತೆ ಬರೆದಿದ್ದಾರಲ್ಲ, ಆ ಖರ್ಚನ್ನು ತೆರುವವರು ನನ್ನ ವಾರ್ಡಿನ ಹುಡುಗಿಯರು.

ಈಗಿನ ಚಾರ್ಟಿನಲ್ಲಿ ನಾಲ್ಕನೆಯ ಮುಂಜಾನೆ ಮಧ್ಯಾಹ್ನ 2ಕ್ಕೆ ಮುಗಿಯುತ್ತದೆ. ಮರುದಿನ ಆಫ್. ಅದರ ಮರುದಿನ ರಾತ್ರಿ 9ಕ್ಕೆ ನೈಟ್. ಅಂದರೆ ಬಿಡದೆ 55 ತಾಸು. ಮುದ್ದೇಬಿಹಾಳದ ಕಡೆಯ ಸಿಸ್ಟರ್ ಒಬ್ಬಳು ಎರಡು ವರ್ಷದ ಮಗುವನ್ನು ತವರಿನಲ್ಲಿ ಬಿಟ್ಟು ಇಲ್ಲಿ ಹಾಸ್ಟೆಲಿನಲ್ಲಿದ್ದಾಳೆ. 2ಕ್ಕೆ ಓವರ್ ಕೊಟ್ಟು ಸಂಜೆಯೊಳಗೆ ಊರು ಮುಟ್ಟುತ್ತಾಳೆ, ಎರಡು ರಾತ್ರಿ ಮಗುವಿನ ಜೊತೆ ಮಲಗುತ್ತಾಳೆ, ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. “ಮೇಡಮ್, ಆ ಒಂದು ಮುಂಜಾನಿ ನಾ ಹೆಂಗರ ತಡಕೋತೀನ್ರಿ, ಊರಿನ ಆಫ್ ಮಾತ್ರ ಮುರೀಬ್ಯಾಡ್ರಿ” ಎಂದು ಅವಳೇ ಬಂದು ಕೇಳಿದ್ದಾಳೆ.

ಸೂಚಿಸಿದ ಚಾರ್ಟಿನಲ್ಲಿ ಅವಳಿಗೆ ಏನು ಸಿಗುತ್ತದೆ? ನಾಲ್ಕನೆಯ ಮಧ್ಯಾಹ್ನ ರಾತ್ರಿ 9ಕ್ಕೆ ಮುಗಿದರೆ ಆ ಹೊತ್ತಿನಲ್ಲಿ ಊರಿಗೆ ಹೊರಡುವಂತಿಲ್ಲ. ಮರುದಿನ ಹೋದರೆ ಅದೇ ಸಂಜೆ ಹಿಂದಿರುಗಬೇಕು, ಮುಂದಿನ ಮುಂಜಾನೆ 7ಕ್ಕೆ ಡ್ಯೂಟಿ ಇದೆ. ಕೊನೆಯ ಮುಂಜಾನೆಯ ನಂತರ ನೈಟ್‌ಗೆ 31 ತಾಸು ಸಿಗುತ್ತದೆ ನಿಜ, ಆದರೆ ಅದರಲ್ಲಿ ನೈಟ್‌ಗೆ ಮುಂಚಿನ ಹಗಲು ಮಲಗಲೂ ಬೇಕು. ಲೆಕ್ಕ ಹಾಕಿ ನೋಡಿ: ಈಗ 10 ಮತ್ತು 55, ಆಗ 34 ಮತ್ತು 31. ಎರಡೂ ಕಡೆ ಒಟ್ಟು 65 ತಾಸೇ. ನಿಯಮವು ವಿಶ್ರಾಂತಿಯನ್ನು ಒಂದು ತಾಸೂ ಹೆಚ್ಚಿಸಲಿಲ್ಲ, ಉದ್ದದ ಒಂದು ಬಿಡುವನ್ನು ತೆಗೆದು ಎರಡು ತುಂಡು ಕೊಟ್ಟಿತು. ಇಲ್ಲೇ ಜಲನಗರದಲ್ಲಿ ಮನೆಯಿರುವವರಿಗೆ ಆ ತುಂಡುಗಳೇ ಒಳ್ಳೆಯದು. ಹಾಸ್ಟೆಲಿನಲ್ಲಿರುವವರಿಗೆ ಅಲ್ಲ. ಎಲ್ಲರಿಗೂ ಒಂದೇ ಅಳತೆ ಹಾಕಿದರೆ ಊರು ದೂರ ಇರುವವರು ಕೆಲಸ ಬಿಡುತ್ತಾರೆ. ಆರರಲ್ಲಿ ಒಬ್ಬರು ಬಿಟ್ಟರೆ ಈ 12 ದಿನದ ಸುತ್ತೇ ನಿಲ್ಲುವುದಿಲ್ಲ.

ಎರಡನೆಯ ಮಾತು ಜ್ವರದ ರಾತ್ರಿಯದು. ಸೂಚಿಸಿದ ಚಾರ್ಟನ್ನೇ ಜಾರಿಗೆ ತಂದೆವು ಎನ್ನಿ. ರಾತ್ರಿ 8ಕ್ಕೆ, ನಾಳೆ ಮುಂಜಾನೆ ಬರಬೇಕಾದವಳು ಜ್ವರವೆಂದು ಫೋನ್ ಮಾಡುತ್ತಾಳೆ. ಮುಂಜಾನೆಯ ಇನ್ನೊಬ್ಬಳು ಹೇಗೂ ಬರುತ್ತಾಳೆ. ಈ ರಾತ್ರಿ ನೈಟ್ ಮಾಡುವವಳು 7ಕ್ಕೆ ಮನೆಗೆ ಹೋಗಲೇಬೇಕು. ಈಗ ಮಧ್ಯಾಹ್ನದ ಡ್ಯೂಟಿಯಲ್ಲಿರುವ ಇಬ್ಬರನ್ನೂ ನಿಯಮ ತಡೆಯುತ್ತದೆ, ಅವರಲ್ಲಿ ಒಬ್ಬಳಿಗೆ ನಾಳೆ ಆಫ್ ಇದ್ದರೂ. ಉಳಿದವಳು ಇವತ್ತೇ ಮುಂಜಾನೆ ನೈಟ್ ಮುಗಿಸಿ ಹೋದವಳು. ನಾಳೆ ಮಧ್ಯಾಹ್ನಕ್ಕೆ ಬರಬೇಕಾದ ಅವಳನ್ನು ಮುಂಜಾನೆಗೆ ಎಳೆಯಬಹುದು, ನಿಯಮ ಅದಕ್ಕೆ ಅಡ್ಡಿಯಿಲ್ಲ. ಆಗ ಮಧ್ಯಾಹ್ನದಲ್ಲಿ ಒಂದು ಜಾಗ ಖಾಲಿ. ಅಲ್ಲಿಗೆ ಆಫ್ ಇರುವವಳನ್ನು ಕರೆದರೆ ಅವಳು ರಾತ್ರಿ 9ಕ್ಕೆ ಮುಗಿಸುತ್ತಾಳೆ, ಅವಳ ಮುಂದಿನ ಡ್ಯೂಟಿ ಮರುದಿನ ಮುಂಜಾನೆ 7ಕ್ಕೆ. ಮತ್ತೆ ಅದೇ 10 ತಾಸು, ಒಂದು ದಿನ ತಡವಾಗಿ. ಇಬ್ಬರ ಚಾರ್ಟು ಕೆಡಿಸಿ, ಒಬ್ಬಳ ಆಫ್ ಕಿತ್ತುಕೊಂಡು ನಾವು ತಲುಪಿದ್ದು ಹೊರಟ ಜಾಗಕ್ಕೇ. ಆಫ್ ಇರುವವಳನ್ನೇ ನೇರವಾಗಿ ಮುಂಜಾನೆಗೆ ಕರೆದಿದ್ದರೆ ಒಬ್ಬಳಿಗಷ್ಟೇ ತೊಂದರೆಯಾಗುತ್ತಿತ್ತು, 2ಕ್ಕೆ ಅವಳು ಮನೆಗೆ ಹೋಗಿ ಮರುದಿನದವರೆಗೆ 17 ತಾಸು ಇರುತ್ತಿದ್ದಳು.

ಜನ ಇದ್ದಲ್ಲಿ ಈ ನಿಯಮ ನಡೆಯುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡದಲ್ಲಿ ರಜೆಗೆಂದೇ ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕೆಂದಿದೆ. ನಮ್ಮ ಆರಕ್ಕೆ ಅದು ಸುಮಾರು ಇಬ್ಬರು. ಆ ಇಬ್ಬರನ್ನು ಕೊಡದೆ ನಿಯಮವನ್ನು ಮಾತ್ರ ಕೊಟ್ಟರೆ, ಮುಂಜಾನೆ 20 ರೋಗಿಗಳಿಗೆ ಒಬ್ಬಳೇ ನಿಲ್ಲುತ್ತಾಳೆ. ಚೆನ್ನಾಗಿ ನಿದ್ದೆ ಮಾಡಿ ಬಂದಿದ್ದರೂ ಒಬ್ಬಳೇ ಇದ್ದರೆ ಇನ್ಸುಲಿನ್ನಿನ ಎರಡನೆಯ ಓದಿಗೆ ಅವಳಿಗೆ ಪುರುಸೊತ್ತೆಲ್ಲಿ?

ಅವರು ಹೆಸರಿಸಿದ ಯುರೋಪಿನ ನಿರ್ದೇಶನವೂ ಇದನ್ನು ಗೋಡೆಯಾಗಿ ಕಟ್ಟಿಲ್ಲ. ಆಸ್ಪತ್ರೆಯಂಥ ಬಿಡದೆ ನಡೆಯುವ ಸೇವೆಗಳಿಗೆ ಅದರ 17ನೆಯ ವಿಧಿಯಲ್ಲಿ ವಿನಾಯಿತಿ ಇದೆ, ಕಡಿಮೆಯಾದ ವಿಶ್ರಾಂತಿಯನ್ನು ಬೇರೆ ವೇಳೆಯಲ್ಲಿ ಅಷ್ಟೇ ಪ್ರಮಾಣದಲ್ಲಿ ಕೊಡಬೇಕೆಂಬ ಷರತ್ತಿನೊಡನೆ.

ನಾನು ಕೇಳುವುದೂ ಅಂಥದ್ದನ್ನೇ. 12 ದಿನದಲ್ಲಿ ಒಂದಕ್ಕಿಂತ ಹೆಚ್ಚು ಸಲ 10 ತಾಸು ಬೇಡ. ಅದೂ ಬರವಣಿಗೆಯಲ್ಲಿ ಕೇಳಿಕೊಂಡವರಿಗೆ ಮಾತ್ರ, ಉಳಿದವರಿಗೆ ಸೂಚಿಸಿದ ಚಾರ್ಟೇ ಇರಲಿ. ಕೆಲವರಿಗೆ ಈ ಸುತ್ತು, ಕೆಲವರಿಗೆ ಆ ಸುತ್ತು ಎಂದಾಗ ತಲೆಲೆಕ್ಕ ತಾನಾಗಿ ಕೂಡುವುದಿಲ್ಲ, ದಿನದಿನವೂ ನೋಡಿ ಹೊಂದಿಸಬೇಕಾಗುತ್ತದೆ. ಆ ಕೆಲಸ ನನ್ನದು, ಮಾಡುತ್ತೇನೆ. 10 ತಾಸಿನಲ್ಲಿ ಬಂದವಳಿಗೆ ಆ ಮುಂಜಾನೆ ಇನ್ಸುಲಿನ್ ಟ್ರಾಲಿ ಕೊಡಬಾರದು. ಜೊತೆಗಿರುವ ಎರಡನೆಯವಳು ಔಷಧ ನೋಡಿಕೊಳ್ಳಲಿ, ಇವಳು ಬಿಪಿ, ಡ್ರೆಸ್ಸಿಂಗ್, ಡಿಸ್ಚಾರ್ಜ್ ಕಾಗದ ನೋಡಿಕೊಳ್ಳಲಿ. ಹಿಂದಿನ ರಾತ್ರಿ ಅವಳ ಓವರನ್ನು 9ಕ್ಕೆ ಸರಿಯಾಗಿ ಮುಗಿಸಿಕೊಟ್ಟು ಕಳಿಸುವ ಹೊಣೆ ನನಗಿರಲಿ. ಎಕ್ಸೆಲ್ಲಿನ ಆ ಸಾಲಿನಲ್ಲಿ ಸೊನ್ನೆಯ ಬದಲು ಒಂದು ಬಂದರೆ ಯಾರದು, ಏಕೆ ಎಂದು ನನ್ನನ್ನು ಕೇಳಿ. ಉತ್ತರ ಕೇಳಿದ ಮೇಲೆ ಸಹಿ ಹಾಕಿ.