ರಿಪೋರ್ಟ್ ನಾರ್ಮಲ್, ಉರಿ ನಿಜ

ನಮ್ಮ ಚಿಕ್ಕಮ್ಮನಿಗೆ 46 ವರ್ಷ. ಎರಡು ವರ್ಷ ಅವರ ಜೊತೆ ಆಸ್ಪತ್ರೆ ಸುತ್ತಿದವಳು ನಾನೇ. ಎದೆಯಿಂದ ಹೊಟ್ಟೆವರೆಗೂ ಉರಿ, ಕೈಕಾಲು ಸೆಳೆತ. ಇಸಿಜಿ, ಎಕೋ, ಎಂಡೋಸ್ಕೋಪಿ, ಎರಡು ಸಲ ಸ್ಕ್ಯಾನಿಂಗ್ ಆಯ್ತು. ಬಟ್ಟೆ ಅಂಗಡಿಯ ಚೀಲದ ತುಂಬ ರಿಪೋರ್ಟು. ಹೋದಲ್ಲೆಲ್ಲ ಹಾಳೆ ತಿರುವಿ ಹಾಕಿ ‘ನಿಮಗೇನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ’ ಅಂದು ಕಳಿಸೋರು. ಹೊರಗೆ ಬಂದ ಚಿಕ್ಕಮ್ಮ ‘ಹಂಗಾದ್ರೆ ನಾನು ನಾಟಕ ಆಡ್ತಿದೀನೇನೇ?’ ಅಂತ ಕೇಳೋರು. ಮುಂದಿನ ವಾರ ಇನ್ನೊಂದು ಆಸ್ಪತ್ರೆ.

ಕೊನೆಗೆ ಸಿಕ್ಕಿದ ಫಿಸಿಶಿಯನ್ ಒಬ್ಬರು ಚೀಲ ಪಕ್ಕಕ್ಕಿಟ್ಟು, ಮೊದಲು ಹೊಟ್ಟೆ ಒತ್ತಿ ನೋಡಿದರು. ‘ಉರಿ ನಿಜಾನೇ. ಅಪಾಯದ ಕಾಯಿಲೆ ಕಾಣ್ತಿಲ್ಲ. ನೋವು ತಿಳಿಸೋ ನರಗಳು ಜಾಸ್ತಿ ಚುರುಕಾಗಿವೆ, ಭಯ ಅದನ್ನ ಇನ್ನೂ ಹೆಚ್ಚಿಸ್ತಿದೆ’ ಅಂದರು. ಇದಕ್ಕೆ ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್ ಅಂತಾರಂತೆ. ರಿಪೋರ್ಟಲ್ಲಿ ಏನೂ ಸಿಗಲಿಲ್ಲ ಅನ್ನೋದೊಂದರಿಂದಲೇ ಈ ಹೆಸರು ಕೊಡುವ ಹಾಗಿಲ್ಲ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಆ ಹಳೇ ಅಳತೆಯನ್ನು ಕೈಬಿಟ್ಟಿತು. ತೊಂದರೆ ಸಾಮಾನ್ಯವಾಗಿ ಆರು ತಿಂಗಳು ಮೀರಿ, ಅದರ ಬಗೆಗಿನ ಯೋಚನೆ, ಆತಂಕ, ಓಡಾಟ ಬದುಕನ್ನೇ ತಿನ್ನುತ್ತಿದೆಯೇ ಅಂತ ನೋಡುತ್ತಾರೆ. ಹೃದ್ರೋಗ ಇರುವವರಿಗೂ ಇದು ಇರಬಹುದು.

ಆ ಡಾಕ್ಟರು ಮಾಡಿದ್ದರಲ್ಲಿ ನನಗೆ ಬಹಳ ದೊಡ್ಡದು ಅನ್ನಿಸಿದ್ದು ಒಂದು ತಾರೀಕು. ‘ನಾಲ್ಕು ವಾರ ಬಿಟ್ಟು ಬನ್ನಿ. ಉರಿ ಇದ್ರೂ ಬನ್ನಿ, ಇಲ್ಲದಿದ್ರೂ ಬನ್ನಿ.’ ನೋವು ಬಂದಾಗ ಮಾತ್ರ ಡಾಕ್ಟರು ಸಿಗ್ತಾರೆ ಅಂದ್ರೆ, ಅವರನ್ನು ನೋಡೋಕೆ ನೋವು ಬರಲೇಬೇಕಾಗುತ್ತೆ. ಈ ಗಂಟನ್ನು ಬಿಚ್ಚೋದೇ ಆ ತಾರೀಕು. ಒಬ್ಬರೇ ಡಾಕ್ಟರು, ಪ್ರತಿ ಸಲ ಮೈ ಮುಟ್ಟಿ ಪರೀಕ್ಷೆ, ಕಾರಣವಿಲ್ಲದೆ ಹೊಸ ಟೆಸ್ಟ್ ಇಲ್ಲ. ಜೊತೆಗೆ ಆಪ್ತಸಮಾಲೋಚಕರ ಹತ್ತಿರ ಸಿಬಿಟಿ, ಅಂದ್ರೆ ಯೋಚನೆ, ನಡವಳಿಕೆಯ ಜಾಡು ಬದಲಿಸೋಕೆ ಕಲಿಸುವ ಮಾತಿನ ಚಿಕಿತ್ಸೆ. ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್. ಮೆಡಿಕಲ್ ಶಾಪಿನವನು ‘ಇದು ಡಿಪ್ರೆಶನ್ ಮಾತ್ರೆ’ ಅಂದುಬಿಟ್ಟ, ಚಿಕ್ಕಮ್ಮ ಮೂರು ದಿನ ಮುಟ್ಟಲಿಲ್ಲ. ಖಿನ್ನತೆಗೆ ಕೊಡೋದಕ್ಕಿಂತ ತುಂಬ ಕಡಿಮೆ ಪ್ರಮಾಣದಲ್ಲೇ ಅದು ನೋವಿಗೂ ಕೆಲಸ ಮಾಡುತ್ತೆ, ಬಾಯಿ ಒಣಗುತ್ತೆ ಅಂತ ಬರೆದುಕೊಡುವ ದಿನವೇ ಹೇಳಬೇಕಿತ್ತು. ಆ ಒಳ್ಳೇ ಡಾಕ್ಟರೂ ಅಲ್ಲಿ ಎಡವಿದರು.

ಈ ಚಿಕಿತ್ಸೆ ಶುರುವಾದ ಏಳನೇ ತಿಂಗಳು ಚಿಕ್ಕಮ್ಮ ‘ಮೆಟ್ಟಿಲು ಹತ್ತಿದ್ರೆ ಏದುಸಿರು’ ಅಂದರು. ಅದನ್ನೂ ಮನಸ್ಸಿನ ಲೆಕ್ಕಕ್ಕೆ ಹಾಕಬಹುದಿತ್ತು. ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, ಆವತ್ತೇ ರಕ್ತ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್ 8.9. ಮುಟ್ಟಿನ ರಕ್ತಸ್ರಾವ ಹೆಚ್ಚಾಗಿದ್ದನ್ನು ಆವರೆಗೂ ಯಾರೂ ಕೇಳಿರಲಿಲ್ಲ. ಕಬ್ಬಿಣದ ಮಾತ್ರೆ ಶುರುವಾಯಿತು, ಸ್ತ್ರೀರೋಗ ತಜ್ಞರ ಬಳಿ ಕಳಿಸಿದರು.

ಉರಿ ಪೂರ್ತಿ ಹೋಗಿಲ್ಲ. ಚೀಲ ಅಟ್ಟ ಸೇರಿದೆ. ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಗುರುವಾರಕ್ಕೆ ಚಿಕ್ಕಮ್ಮನೇ ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾರೆ.