ಒಲಿಂಪಿಕ್ ಈಜುಕೊಳವಂತೆ, ನೋಡಿದವರು ಕೈ ಎತ್ತಿ

ಬೆಳಿಗ್ಗೆ ಕಾಫಿ ಕುಡೀತಾ ಫೋನ್ ತೆಗೆದೆ, ಆ ಕಾಫಿಯ ರುಚಿಯೇ ಕೆಟ್ಟಿತು. ಯಾರೋ ಒಬ್ಬರು ಕಾವೇರಿ ಬಗ್ಗೆ ದೊಡ್ಡದಾಗಿ ಬರೆದಿದ್ದಾರೆ. "ಒಂದು ಟಿಎಂಸಿ ಅಂದರೆ ಎಷ್ಟು ಗೊತ್ತಾ? 11,300 ಒಲಿಂಪಿಕ್ ಈಜುಕೊಳ!" ಕೆಳಗೆ ಸಾಲು ಸಾಲು ಅಬ್ಬಾ, ಅಬ್ಬಬ್ಬಾ.

ಲೆಕ್ಕ ಸರಿಯಾಗಿದೆ. ಕೂತು ಭಾಗಿಸಿ ನೋಡಿದೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ಆ ಈಜುಕೊಳ 50 ಮೀಟರ್ ಉದ್ದ, 25 ಅಗಲ, 2 ಆಳ ಅಂತ ಹಿಡಿದರೆ 25 ಲಕ್ಷ ಲೀಟರ್. ಸರಿಹೋಯ್ತು. ಆದರೆ ಸ್ವಾಮಿ, ಒಲಿಂಪಿಕ್ ಈಜುಕೊಳದ ದಡದಲ್ಲಿ ನಿಂತವರು ನಮ್ಮಲ್ಲಿ ಎಷ್ಟು ಜನ? ಗೊತ್ತಿಲ್ಲದ ಒಂದನ್ನು ಗೊತ್ತಿಲ್ಲದ ಇನ್ನೊಂದರಿಂದ ಅಳೆದು, ಅದನ್ನೂ ಹನ್ನೊಂದು ಸಾವಿರದಿಂದ ಗುಣಿಸಿ ಕೈಗಿಟ್ಟರೆ ನನ್ನ ಕಣ್ಣಿಗೆ ಏನು ಕಾಣಬೇಕು?

ಊರಿಗೆ ಫೋನ್ ಮಾಡಿದೆ. ನಮ್ಮಪ್ಪ ಮದ್ದೂರು ಕಡೆ ಭತ್ತ, ಕಬ್ಬು ಬೆಳೆಯೋರು ಅಂತ ನಿಮಗೆಲ್ಲ ಗೊತ್ತೇ ಇದೆ. ನಾಲೆ ನೀರಿನ ಮೇಲೇ ನನ್ನನ್ನು ಓದಿಸಿದವರು. ಈಜುಕೊಳದ ಸಾಲು ಓದಿ ಹೇಳಿದೆ.

"ಒಲಿಂಪಿಕ್ಕು ಅಂದ್ರೆ ಆ ಓಡೋದಲ್ವೇನ್ಲಾ?"

"ಈಜೋದೂ ಇರ್ತದೆ ಕಣಪ್ಪ."

"ಇರ್ಲಿ ಬುಡು. ಎಷ್ಟ್ ಎಕರೆಗೆ ಆಯ್ತದೆ ಅಂತ ಹೇಳು."

ಅಷ್ಟೇ. ಪೋಸ್ಟ್ ಬರೆದ ಮಹಾಶಯರು ಬರೆಯುವ ಮುಂಚೆ ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ಅಪ್ಪ ಒಂದೇ ಉಸಿರಿಗೆ ಕೇಳಿಬಿಟ್ಟರು. ಓದುವವನು ದಿನಾ ಯಾವುದರಲ್ಲಿ ಅಳೆಯುತ್ತಾನೆ?

ಸರಿ, ಎಕರೆಗೇ ಬರೋಣ. ಒಂದು ಎಕರೆಗೆ 43,560 ಚದರ ಅಡಿ. ನೂರು ಕೋಟಿಯನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ 23 ಸಾವಿರ. ಅಂದರೆ 23 ಸಾವಿರ ಎಕರೆಯಲ್ಲಿ ಒಂದಡಿ ನೀರು ನಿಲ್ಲಿಸಬಹುದು. ಇಲ್ಲಿಗೇ ಬಿಟ್ಟರೆ ನಾನೂ ಈಜುಕೊಳದವನೇ. 23 ಸಾವಿರ ಎಕರೆಯನ್ನು ಯಾರು ನೋಡಿದ್ದಾರೆ? ನಮ್ಮೂರಿನ ಗದ್ದೆ ಬಯಲು 460 ಎಕರೆ ಆಗುತ್ತೆ. ಏರಿ ಮೇಲೆ ನಿಂತರೆ ಪೂರ್ತಿ ಕಾಣುತ್ತೆ. ಅಂಥ 50 ಊರು, ಎಲ್ಲ ಗದ್ದೆಯಲ್ಲೂ ಕಣಕಾಲು ಮುಳುಗುವಷ್ಟು ನೀರು. ಇನ್ನೊಂದು ಸಲ ಇಳಿಸಿದೆ. ಭತ್ತಕ್ಕೆ ನಾಟಿಯಿಂದ ಕೊಯ್ಲಿನ ತನಕ ಮಳೆ, ನಾಲೆ ಎಲ್ಲ ಸೇರಿ ಸುಮಾರು ನಾಲ್ಕಡಿ ನೀರು ಬೇಕು. ಮಳೆ ಕೈಕೊಟ್ಟ ವರ್ಷ ನಾಲೆಯನ್ನೇ ನಂಬಿದರೆ ಒಂದು ಟಿಎಂಸಿ ಹನ್ನೆರಡು ಊರಿನ ಒಂದು ಬೆಳೆ.

"ಹನ್ನೆರಡ್ ಊರಾ" ಅಂದರು ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಲೇಲಿ ಸೋರೋದು ಕಳೆದ್ಯಾ?"

ಕಳೆದಿರಲಿಲ್ಲ. ಕಳೆದರೆ ಹನ್ನೆರಡು ಇನ್ನೂ ಕಮ್ಮಿ ಆಗುತ್ತೆ. ನೋಡಿ, ಹನ್ನೊಂದು ಸಾವಿರ ಈಜುಕೊಳಕ್ಕೆ ಈ ಪ್ರಶ್ನೆ ಯಾರಾದರೂ ಕೇಳಿದರಾ? ಕಣ್ಣಿಗೆ ಕಂಡಿದ್ದರೆ ತಾನೇ ತಪ್ಪು ಹುಡುಕೋದು.

ಇನ್ನು ಕ್ಯೂಸೆಕ್. ಇದರಲ್ಲಿ ಟಿವಿಯವರೂ ಜಾರುತ್ತಾರೆ. 2023ರ ಆಗಸ್ಟ್ ಕೊನೆಯಲ್ಲಿ ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್ ಬಿಡಬೇಕು ಅಂತ ಆದೇಶ ಬಂತಲ್ಲ, ಆಗ ಒಂದೇ ಸ್ಕ್ರೀನ್ ಮೇಲೆ ಒಂದು ಕಡೆ "5,000 ಕ್ಯೂಸೆಕ್", ಇನ್ನೊಂದು ಕಡೆ "ಕೆಆರ್‌ಎಸ್ 49 ಟಿಎಂಸಿ" ಅಂತ ಹಾಕಿದ್ದು ನೋಡಿದ್ದೆ. ಒಂದು ಹರಿಯೋ ವೇಗ, ಇನ್ನೊಂದು ಅಣೆಕಟ್ಟು ತುಂಬಿದರೆ ನಿಲ್ಲುವ ನೀರು. ಬಸ್ಸಿನ ಸ್ಪೀಡನ್ನೂ ಮೈಸೂರಿನ ದೂರವನ್ನೂ ಪಕ್ಕಪಕ್ಕ ಇಟ್ಟು ಯಾವುದು ಜಾಸ್ತಿ ಅಂತ ಕೇಳಿದ ಹಾಗೆ.

ನಮ್ಮ ಮನೆಯ ಪ್ಲಾಸ್ಟಿಕ್ ಬಿಂದಿಗೆಗೆ ಒಂದೊಂದೇ ಲೀಟರ್ ಸುರಿದು ನೋಡಿದೆ. ಕತ್ತಿನ ತನಕ 14 ಹಿಡಿಯಿತು. (ಹೆಂಡತಿ "ರಜಾ ದಿನ ಬೇರೆ ಕೆಲಸ ಇಲ್ವಾ" ಅಂದಳು. ಇಲ್ಲ.) ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಅಂದರೆ ಒಂದು, ಎರಡು ಅಂತ ಎಣಿಸುತ್ತಾ ಹೋಗಿ, ಪ್ರತಿ ಎಣಿಕೆಗೂ ಎರಡು ಬಿಂದಿಗೆ. 5,000 ಕ್ಯೂಸೆಕ್ ಅಂದರೆ ಪ್ರತಿ ಎಣಿಕೆಗೆ ಹತ್ತು ಸಾವಿರ ಬಿಂದಿಗೆ. ಇದನ್ನು ಟಿಎಂಸಿ ಮಾಡಬೇಕಾದರೆ ಕಾಲದಿಂದ ಗುಣಿಸಲೇಬೇಕು. ದಿನಕ್ಕೆ 86,400 ಸೆಕೆಂಡ್, ಹಾಗಾಗಿ ದಿನಕ್ಕೆ 0.43 ಟಿಎಂಸಿ. ಹದಿನೈದು ದಿನಕ್ಕೆ ಆರೂವರೆ. ಕ್ಯೂಸೆಕ್ ಹೇಳಿ ಎಷ್ಟು ದಿನ ಅಂತ ಹೇಳದ ಪೋಸ್ಟ್ ಕಂಡರೆ ಸುಮ್ನೆ ಮುಂದೆ ಹೋಗಿ.

"ಅಂಕಿಯನ್ನು ಅಂಕಿಯಾಗಿಯೇ ಕೊಡಿ, ಹೋಲಿಕೆ ಕೊಟ್ಟರೆ ದಾರಿ ತಪ್ಪಿಸಿದಂತೆ" ಅಂತ ನಮ್ಮ ಗುಂಪಿನ ಇಂಜಿನಿಯರ್ ಗೆಳೆಯರು ಕಾಮೆಂಟ್ ಹಾಕುತ್ತಾರೆ, ನನಗೆ ಗೊತ್ತು. ಗೇಟ್ ಎತ್ತೋದು, ಇಳಿಸೋದು ನಿಮ್ಮ ಕೆಲಸ, ನಿಮಗೆ ಟಿಎಂಸಿಯೇ ಸಾಕು. ನಮ್ಮಪ್ಪನಿಗೆ ಸಾಲದು. ಆದರೂ ಆ ಮಾತಲ್ಲಿ ಒಂದು ಮುಳ್ಳಿದೆ, ಅದು ನನಗೇ ಚುಚ್ಚಿದೆ.

ಆ ವರ್ಷ ನಾನೂ ಸಿಟ್ಟಲ್ಲಿ ಒಂದು ಪೋಸ್ಟ್ ಹಾಕಿದ್ದೆ. ಆಗ ಬೆಂಗಳೂರಿಗೆ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಕಾವೇರಿ ನೀರು ಬರುತ್ತಿತ್ತು. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಇನ್ನೂ ಶುರುವಾಗಿರಲಿಲ್ಲ. ಆ ಲೆಕ್ಕದಲ್ಲಿ ಒಂದು ಟಿಎಂಸಿ ಅಂದರೆ ಇಡೀ ಊರಿನ ಕಾವೇರಿ ನಲ್ಲಿಗಳಿಗೆ 19 ದಿನದ ನೀರು. ಆರೂವರೆ ಟಿಎಂಸಿ ಅಂದರೆ ನಾಲ್ಕು ತಿಂಗಳು. "ನಮ್ಮ ನಾಲ್ಕು ತಿಂಗಳ ನೀರು ಹದಿನೈದೇ ದಿನದಲ್ಲಿ ಹೋಯ್ತು" ಅಂತ ಬರೆದೆ. ಕಣ್ಣಿಗೆ ಕಟ್ಟುವ ಹಾಗಿತ್ತು. ಲೆಕ್ಕವೂ ಸರಿ. ಎಲ್ಲರೂ ಶೇರ್ ಮಾಡಿದರು.

ಮಾರನೇ ದಿನ ಆಫೀಸಿನಲ್ಲಿ ತಂಜಾವೂರು ಕಡೆಯ ಗೆಳೆಯ ಟೀ ಕುಡೀತಾ ಮೆಲ್ಲಗೆ ಹೇಳಿದ, "ಸುಪ್ರೀಂ ಕೋರ್ಟ್ 2018ರಲ್ಲಿ ನಮಗೆ ವರ್ಷಕ್ಕೆ ಅಂತ ಹೇಳಿದ್ದು 177.25 ಟಿಎಂಸಿ. ನೂರು ರೂಪಾಯಿ ಕೊಡಬೇಕಾದ ಕಡೆ ನೀನು ಮೂರೂವರೆ ರೂಪಾಯಿ ಚಿಲ್ಲರೆಗೆ ಇಷ್ಟು ಕೂಗ್ತಿದ್ದೀಯ." ಮನಸ್ಸಲ್ಲೇ ಭಾಗಿಸಿದೆ. ಅವನ ಲೆಕ್ಕವೂ ಸರಿ! ಅದೇ ಆರೂವರೆ ಟಿಎಂಸಿ. ನಾನು ಊರಿನ ನಲ್ಲಿ ಪಕ್ಕ ಇಟ್ಟೆ, ಬೆಟ್ಟ ಆಯ್ತು. ಅವನು ಕೋರ್ಟಿನ ಅಂಕಿ ಪಕ್ಕ ಇಟ್ಟ, ಚಿಲ್ಲರೆ ಆಯ್ತು. ನೀರಿನ ಜಗಳ ಬಹುಪಾಲು ಗದ್ದೆಗೆ ಹೋಗುವ ನೀರಿಂದು. ಕುಡಿಯುವ ನೀರಿನ ಪಕ್ಕ ಇಟ್ಟರೆ ಗದ್ದೆಯ ನೀರು ಯಾವಾಗಲೂ ರಾಕ್ಷಸನ ಹಾಗೇ ಕಾಣುತ್ತೆ. ಅದು ಗೊತ್ತಿದ್ದೂ ನಲ್ಲಿಯನ್ನೇ ಆರಿಸಿಕೊಂಡಿದ್ದೆ. ಗದ್ದೆಯವನ ಮಗನಾಗಿ!

ಅವತ್ತಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹೋಲಿಕೆ ಬರೆದ ಮೇಲೆ ಆಚೆ ದಡದವನು ಇದೇ ಅಂಕಿಯನ್ನು ಯಾವುದರ ಪಕ್ಕ ಇಡುತ್ತಿದ್ದ ಅಂತ ಒಂದು ಸಲ ಲೆಕ್ಕ ಹಾಕುತ್ತೇನೆ. ಎರಡೂ ಸೇರಿದರೆ ಪೋಸ್ಟಿನ ಖಾರ ಕಮ್ಮಿ ಆಗುತ್ತೆ, ಲೈಕೂ ಕಮ್ಮಿ. ಏನು ಮಾಡೋದು.

ಲೈಕ್ ಅಂದಾಗ ನೆನಪಾಯ್ತು. ಈಜುಕೊಳದವರನ್ನು ಇಷ್ಟು ಬೈದವನು ಇದನ್ನೂ ಹೇಳಿಬಿಡಬೇಕು. ಅದಕ್ಕೂ ಮುಂಚೆ ನಾನೊಂದು ಬರೆದಿದ್ದೆ. "ಒಂದು ಟಿಎಂಸಿ ಅಂದರೆ ಆರು ಸಾವಿರ ಲೀಟರಿನ 47 ಲಕ್ಷ ಟ್ಯಾಂಕರ್. ಸಾಲಾಗಿ ನಿಲ್ಲಿಸಿದರೆ 28 ಸಾವಿರ ಕಿಲೋಮೀಟರ್!" ಟ್ಯಾಂಕರ್ ಎಲ್ಲರೂ ನೋಡಿದ್ದಾರೆ, ಒಪ್ಪಿದೆ. 47 ಲಕ್ಷ ಟ್ಯಾಂಕರ್ ಯಾರು ನೋಡಿದ್ದಾರೆ? ನಾನೇ ನೋಡಿಲ್ಲ. ಡಿಲೀಟ್ ಮಾಡೋಣ ಅಂತ ಇವತ್ತೂ ತೆರೆದೆ. 312 ಲೈಕ್ ಇದೆ. ಹಾಗೇ ಮುಚ್ಚಿದೆ.